ಮೊತ್ತ ಸರಿ, ಗುಂಪು ತಪ್ಪು: ಕೈಬರಹದ ನಗದು ಹರಿವಿನ ತಖ್ತೆಯನ್ನು ಪರಿಶೀಲಿಸುವ ಬಗೆ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಸಿದ್ದಾಪುರ ಕಡೆಯ ಕಾಫಿ ತೋಟವೊಂದರ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರು, ಗೋಣಿಕೊಪ್ಪದ ನನ್ನ ಆಫೀಸಿಗೆ ಬಂದರು. ನಾಲ್ಕಾಗಿ ಮಡಚಿದ ಉದ್ದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಅಣ್ಣ ತಮ್ಮ ಇಬ್ಬರೂ ಪಾಲುದಾರರಾಗಿರುವ ತೋಟ ಅದು. ಸಾಲ ಹೆಚ್ಚಿಸಿಕೊಳ್ಳಲು ಬ್ಯಾಂಕಿನವರು ನಗದು ಹರಿವಿನ ತಖ್ತೆ, ಅಂದರೆ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್, ಕೇಳಿದ್ದರು. ರೈಟರ್ ಅದನ್ನು ಕೈಯಲ್ಲೇ ಬರೆದಿದ್ದರು. ಅಕ್ಷರ ಮುತ್ತಿನಂತಿತ್ತು.

"ಕ್ಲೋಸಿಂಗ್ ಕ್ಯಾಶ್ ಪೈಸೆಗೆ ಪೈಸೆ ತಾಳೆ ಆಗಿದೆ ಸರ್. ನೀವು ಸುಮ್ನೆ ಒಂದು ಸಲ ಕಣ್ಣಾಡಿಸಿದ್ರೆ ಸಾಕು" ಅಂದರು.

ತಾಳೆ ಆಗಿದ್ದೇನೋ ನಿಜ. ಆದರೆ ಏಳು ಮೊತ್ತಗಳು ತಪ್ಪು ಗುಂಪಿನಲ್ಲಿ ಕೂತಿದ್ದವು. ಆ ಹಾಳೆಯನ್ನು ಹೇಗೆ ನೋಡಿದೆ, ಯಾವುದನ್ನು ಎಲ್ಲಿಗೆ ಸರಿಸಿದೆ ಅನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಅಂಕಿಗಳನ್ನು ಬದಲಿಸಿ, ದುಂಡಗೆ ಮಾಡಿದ್ದೇನೆ. ತಪ್ಪುಗಳು ಮಾತ್ರ ಇದ್ದ ಹಾಗೇ ಇವೆ.

ರೈಟರ್ ಬರೆದದ್ದು

| ವಿವರ | ರೂ. |
|---|---|
| ಕಾರ್ಯಾಚರಣೆ | |
| ನಿವ್ವಳ ಲಾಭ | 6,40,000 |
| ಸವಕಳಿ ಕೂಡಿಸಿ | 1,80,000 |
| ಕಾಫಿ ವ್ಯಾಪಾರಿಗಳಿಂದ ಬರಬೇಕಾದ ಬಾಕಿ ಏರಿಕೆ | (1,50,000) |
| ಗೋಡೌನ್ ದಾಸ್ತಾನು ಇಳಿಕೆ | 90,000 |
| ಗೊಬ್ಬರದ ಅಂಗಡಿಗೆ ಕೊಡಬೇಕಾದ ಬಾಕಿ ಏರಿಕೆ | 40,000 |
| ಎರಡು ಎಕರೆ ರೊಬಸ್ಟಾ ಹೊಸ ನೆಡುತೋಪು | (2,20,000) |
| ಬ್ಯಾಂಕ್ ಸಾಲದ ಕಂತು, ಅಸಲು | (2,50,000) |
| ಕಾರ್ಯಾಚರಣೆಯಿಂದ ನಿವ್ವಳ | 3,30,000 |
| ಹೂಡಿಕೆ | |
| ಹಳೆ ಜೀಪು ಮಾರಾಟ | 80,000 |
| ಹೂಡಿಕೆಯಿಂದ ನಿವ್ವಳ | 80,000 |
| ಹಣಕಾಸು | |
| ಹೊಸ ಟರ್ಮ್ ಲೋನ್ | 4,00,000 |
| ಸಾಲದಲ್ಲಿ ತಂದ ಪಲ್ಪರ್ | (3,60,000) |
| ಬ್ಯಾಂಕಿನಲ್ಲಿ ಒಂದು ವರ್ಷದ ಎಫ್‌ಡಿ | (3,00,000) |
| ಪಾಲುದಾರರ ಡ್ರಾಯಿಂಗ್ಸ್ | (1,80,000) |
| ಹಣಕಾಸಿನಿಂದ ನಿವ್ವಳ | (4,40,000) |
| ವರ್ಷದ ನಿವ್ವಳ ಇಳಿಕೆ | (30,000) |
| ಆರಂಭದ ನಗದು ಮತ್ತು ಬ್ಯಾಂಕ್ | 1,95,000 |
| ಕೊನೆಯ ನಗದು ಮತ್ತು ಬ್ಯಾಂಕ್ | 1,65,000 |

ಕಂಸದೊಳಗೆ ಇರುವುದು ಹೊರಹೋದ ಹಣ.

ತಾಳೆ ಆಗಿದ್ದರಿಂದ ಏನೂ ಗೊತ್ತಾಗುವುದಿಲ್ಲ

ಮೂರು ಗುಂಪಿನ ಮೊತ್ತಗಳನ್ನು ಕೂಡಿದರೆ ವರ್ಷದ ಏರಿಳಿತ ಬರುತ್ತದೆ. ಒಂದು ಸಾಲನ್ನು ಒಂದು ಗುಂಪಿನಿಂದ ತೆಗೆದು ಇನ್ನೊಂದರಲ್ಲಿ ಇಟ್ಟರೆ ಆ ಕೂಡಿಕೆ ಬದಲಾಗುವುದಿಲ್ಲ. ಎಡಗಿಸೆಯ ನೂರು ರೂಪಾಯಿ ಬಲಗಿಸೆಗೆ ಹೋದರೂ ಅಂಗಿಯಲ್ಲಿರುವ ದುಡ್ಡು ಅಷ್ಟೇ ಅಲ್ವಾ? ಹಾಗಾಗಿ ಕೊನೆಯ ನಗದು ಪಾಸ್‌ಬುಕ್ಕಿಗೆ ಸರಿಹೊಂದಿದೆ ಅಂದರೆ ಯಾವ ಸಾಲೂ ಬಿಟ್ಟುಹೋಗಿಲ್ಲ, ಕೂಡಿಕೆ ಸರಿ ಇದೆ ಅನ್ನುವುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಗುಂಪು ಸರಿ ಇದೆಯಾ ಅನ್ನುವುದಕ್ಕೆ ಅದು ಸಾಕ್ಷಿಯೇ ಅಲ್ಲ.

ಹೀಗಿದ್ದರೂ ಕೂಡಿಕೆಯನ್ನು ಮೊದಲು ಪರೀಕ್ಷಿಸಿ. ಕೈಬರಹದಲ್ಲಿ 1 ಮತ್ತು 7 ಒಂದೇ ತರಹ ಕಾಣುತ್ತವೆ. ಕಂಸದ ಒಂದು ಗೆರೆ ಮಸುಕಾದರೆ ಹೊರಹೋದ ಹಣ ಒಳಬಂದಂತೆ ಕಾಣುತ್ತದೆ. ಅಂಚಿನಲ್ಲಿ ಬೇರೆ ಶಾಯಿಯಲ್ಲಿ ತುರುಕಿದ ಸಾಲು ಇದ್ದರೆ ಅದಕ್ಕೆ ವೋಚರ್ ಕೇಳಿ. ಅದು ಸರಿದೂಗಿಸಲು ಆಮೇಲೆ ಹಾಕಿದ ಅಂಕಿ ಆಗಿರಬಹುದು. ಕೂಡಿಕೆಯ ತಪ್ಪು ಮತ್ತು ಗುಂಪಿನ ತಪ್ಪು ಒಟ್ಟಿಗೆ ಇದ್ದರೆ ಯಾವುದು ಯಾವುದೆಂದು ತಿಳಿಯದೆ ತಲೆ ಕೆಡುತ್ತದೆ. ನಮ್ಮ ರೈಟರ್ ಹಾಳೆಯಲ್ಲಿ ಆ ತೊಂದರೆ ಇರಲಿಲ್ಲ. 3,30,000ಕ್ಕೆ 80,000 ಕೂಡಿಸಿ 4,40,000 ಕಳೆದರೆ 30,000 ಇಳಿಕೆ. ಸರಿಯಾಗಿದೆ.

ಅಂಕಿ ನೋಡುವ ಮೊದಲು ಒಂದು ಪ್ರಶ್ನೆ

ಹಾಳೆ ಪಕ್ಕಕ್ಕಿಟ್ಟು ಕೇಳಿದೆ: "ಈ ವರ್ಷ ತೋಟಕ್ಕೆ ಏನೇನು ಹೊಸದಾಗಿ ಮಾಡಿದ್ರಿ?"

"ಪಲ್ಪರ್ ತಂದ್ವಿ ಸರ್. ಹೊಳೆ ಬದಿಯ ಎರಡು ಎಕರೆ ಹಳೇ ಗಿಡ ಕಿತ್ತು ಹೊಸದು ನೆಟ್ವಿ. ಯಜಮಾನರು ಒಂದು ಎಫ್‌ಡಿ ಇಟ್ರು."

ಇಷ್ಟೆಲ್ಲ ಮಾಡಿದ ವರ್ಷದಲ್ಲಿ ಹೂಡಿಕೆಯ ಗುಂಪು 80,000 ರೂಪಾಯಿ ಒಳಬಂದಿದೆ ಅಂತ ತೋರಿಸುತ್ತಿದೆ! ಬೆಳೆಯುತ್ತಿರುವ ತೋಟದಲ್ಲಿ ಹೂಡಿಕೆಯ ಮೊತ್ತ ಸಾಮಾನ್ಯವಾಗಿ ಕಂಸದೊಳಗೆ ಇರುತ್ತದೆ. ಇಲ್ಲದಿದ್ದರೆ ಆ ಹೊರಹೋದ ಹಣ ಬೇರೆ ಎಲ್ಲೋ ಅಡಗಿದೆ ಅಂತಲೇ ಅರ್ಥ. ತಪ್ಪು ಇದೆಯಾ ಇಲ್ಲವಾ ಅನ್ನುವುದು ಈ ಒಂದು ಪ್ರಶ್ನೆಯಿಂದಲೇ ಎಷ್ಟೋ ಸಲ ಗೊತ್ತಾಗಿಬಿಡುತ್ತದೆ. ಎಲ್ಲಿದೆ ಅನ್ನುವುದನ್ನು ಹುಡುಕಬೇಕು.

ಪೆನ್ಸಿಲ್ ಹಿಡಿದು ಗುರುತು ಹಾಕುವುದು

ಪ್ರತಿ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಕಾ, ಹೂ ಅಥವಾ ಹ ಅಂತ ಬರೆಯಿರಿ. ಕಾ ಅಂದರೆ ಕಾರ್ಯಾಚರಣೆ, ಹೂ ಅಂದರೆ ಹೂಡಿಕೆ, ಹ ಅಂದರೆ ಹಣಕಾಸು. ಬರೆಯುವಾಗ ಆ ಸಾಲು ಈಗ ಯಾವ ಗುಂಪಿನಲ್ಲಿದೆ ಅನ್ನುವುದನ್ನು ನೋಡಬೇಡಿ. ನಾನಂತೂ ತಲೆಬರಹಗಳ ಮೇಲೆ ಒಂದು ಚೀಟಿ ಇಟ್ಟು ಮುಚ್ಚುತ್ತೇನೆ. ತಲೆಬರಹ ಕಂಡರೆ ಮನಸ್ಸು ಬರೆದವರ ಹಿಂದೆಯೇ ಹೋಗುತ್ತದೆ.

ಪ್ರತಿ ಸಾಲಿಗೂ ಕೇಳಬೇಕಾದದ್ದು ಒಂದೇ ಮಾತು: ಈ ಹಣ ಯಾವ ಕೆಲಸಕ್ಕೆ ಕೈ ಬದಲಾಯಿತು? ಕಾಫಿ, ಮೆಣಸು ಬೆಳೆದು ಮಾರುವ ದಿನನಿತ್ಯದ ಕೆಲಸಕ್ಕೆ ಆದರೆ ಕಾ. ವರ್ಷಗಟ್ಟಲೆ ಉಳಿಯುವ ಆಸ್ತಿ ಅಥವಾ ಠೇವಣಿಯನ್ನು ಕೊಳ್ಳಲು, ಮಾರಲು ಆದರೆ ಹೂ. ಸಾಲ ಕೊಟ್ಟವರ ಜೊತೆ ಅಥವಾ ಬಂಡವಾಳ ಹಾಕಿದ ಮಾಲೀಕರ ಜೊತೆ ನಡೆದದ್ದಾದರೆ ಹ.

ಹಣ ಎಲ್ಲಿಂದ ಬಂತು ಅಂತ ಕೇಳಬಾರದು. ರೈಟರ್ ಎಡವಿದ್ದು ಅಲ್ಲೇ.

ಕಣ್ಣಿಗೆ ಕಾಣುವ ನಾಲ್ಕು ತಪ್ಪು

ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಅದರ ಸಾಲು ನೋಡಿ. "ಸಾಲದಲ್ಲಿ ತಂದ ಪಲ್ಪರ್" ಅಂತ ಬರೆದು ಹಣಕಾಸಿನಲ್ಲಿ ಇಟ್ಟಿದ್ದಾರೆ. ಕಾರಣ ಕೇಳಿದರೆ "ಲೋನ್ ದುಡ್ಡಲ್ವಾ ಸರ್?" ಅಂದರು. ಲೋನ್ ಬಂದದ್ದು ಬ್ಯಾಂಕಿನ ಜೊತೆಗಿನ ವ್ಯವಹಾರ, ಅದು ಹಣಕಾಸು. ಆ ದುಡ್ಡು ತೋಟದ ಖಾತೆಗೆ ಬಿದ್ದ ಮೇಲೆ ಡೀಲರ್‌ಗೆ ಚೆಕ್ ಕೊಟ್ಟು ಯಂತ್ರ ತಂದದ್ದು ಬೇರೆಯೇ ವ್ಯವಹಾರ, ಅದು ಹೂಡಿಕೆ. ಎರಡನ್ನೂ ಪೂರ್ತಿಯಾಗಿ, ಬೇರೆ ಬೇರೆ ಗುಂಪಿನಲ್ಲಿ ತೋರಿಸಬೇಕು. ಗೊಬ್ಬರಕ್ಕೆಂದು ತೆಗೆದ ಬೆಳೆ ಸಾಲಕ್ಕೂ ಇದೇ ಮಾತು. ಸಾಲ ಬಂದದ್ದು ಹಣಕಾಸು, ಗೊಬ್ಬರಕ್ಕೆ ಕೊಟ್ಟದ್ದು ಕಾರ್ಯಾಚರಣೆ.

ಇಲ್ಲಿ ಪಾಸ್‌ಬುಕ್ ತೆರೆದು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಬ್ಯಾಂಕು ಸಾಲದ ಹಣವನ್ನು ತೋಟದ ಖಾತೆಗೆ ಹಾಕಿತಾ, ನೇರವಾಗಿ ಡೀಲರ್ ಖಾತೆಗೆ ಕಳಿಸಿತಾ? ನೇರವಾಗಿ ಹೋಗಿದ್ದರೆ ತೋಟದ ನಗದು ಅಲುಗಾಡಿಯೇ ಇಲ್ಲ. ಸಾಲ ಹೊತ್ತು ಆಸ್ತಿ ಪಡೆದ ಇಂಥ ವ್ಯವಹಾರ ಲೆಕ್ಕಪತ್ರ ಮಾನದಂಡ 3ರ, ಅಂದರೆ ಎಎಸ್ 3ರ, ಪ್ರಕಾರ ತಖ್ತೆಯ ಒಳಗೆ ಬರುವುದಿಲ್ಲ. ಅದನ್ನು ಕೆಳಗೆ ಟಿಪ್ಪಣಿಯಾಗಿ ಹೇಳಬೇಕು. ಈ ತೋಟದ ಪಾಸ್‌ಬುಕ್ಕಿನಲ್ಲಿ 4,00,000 ಜಮೆ, ನಾಲ್ಕು ದಿನ ಬಿಟ್ಟು 3,60,000 ಖರ್ಚು, ಎರಡೂ ಸ್ಪಷ್ಟವಾಗಿದ್ದವು. ಪಲ್ಪರ್ ಪಕ್ಕ ಹೂ ಅಂತ ಬರೆದೆ.

ಎಫ್‌ಡಿ ಎರಡನೆಯದು. "ಬ್ಯಾಂಕಿನ ವಿಷಯ" ಅಂತ ಹಣಕಾಸಿಗೆ ಹಾಕಿದ್ದರು. ಬ್ಯಾಂಕು ನಮಗೆ ಕೊಟ್ಟರೆ ಹಣಕಾಸು. ನಾವು ಬ್ಯಾಂಕಿನಲ್ಲಿ ಇಟ್ಟರೆ ಹೂಡಿಕೆ. ಒಂದು ವಿನಾಯಿತಿ ಇದೆ. ಇಟ್ಟ ದಿನದಿಂದ ಸುಮಾರು ಮೂರು ತಿಂಗಳೊಳಗೆ ಕೈಗೆ ಬರುವ ಠೇವಣಿಯನ್ನು ನಗದಿಗೆ ಸಮಾನ ಅಂತಲೇ ಎಣಿಸುತ್ತಾರೆ. ಅದು ಯಾವ ಗುಂಪಿನಲ್ಲೂ ಬರುವುದಿಲ್ಲ, ಆರಂಭದ ಮತ್ತು ಕೊನೆಯ ನಗದಿನೊಳಗೇ ಸೇರುತ್ತದೆ. ಎಣಿಕೆ ಇಟ್ಟ ದಿನದಿಂದ ಶುರು, ಮಾರ್ಚ್ 31ರಿಂದ ಅಲ್ಲ. ಹೋದ ಮೇ ತಿಂಗಳಲ್ಲಿ ಇಟ್ಟ ಒಂದು ವರ್ಷದ ಎಫ್‌ಡಿಗೆ ಮಾರ್ಚ್ ಕೊನೆಯಲ್ಲಿ ಎರಡೇ ತಿಂಗಳು ಬಾಕಿ ಇದ್ದರೂ ಅದು ಹೂಡಿಕೆಯೇ. ಎಫ್‌ಡಿ ರಸೀದಿಯನ್ನು ಕೈಯಲ್ಲಿ ಹಿಡಿದು ನೋಡದೆ ಈ ಸಾಲಿಗೆ ಗುರುತು ಹಾಕಬೇಡಿ.

ಮೂರನೆಯದು ಸಾಲದ ಅಸಲು, 2,50,000. ಕಂತು ಅಂದರೆ ಖರ್ಚು ಅನ್ನುವ ಭಾವನೆ ಎಲ್ಲರಿಗೂ ಇರುತ್ತದೆ. ತಿಂಗಳು ತಿಂಗಳು ಕೈಬಿಟ್ಟು ಹೋಗುವ ದುಡ್ಡು ಅಲ್ವಾ! ಆದರೆ ಅಸಲು ತೀರಿಸುವುದು ಕಾಫಿ ಬೆಳೆಯುವ ಕೆಲಸವಲ್ಲ. ಪಡೆದಾಗ ಹಣಕಾಸು, ತೀರಿಸಿದಾಗಲೂ ಹಣಕಾಸು.

ನಾಲ್ಕನೆಯದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಎರಡು ಎಕರೆ ಹೊಸ ನೆಡುತೋಪಿನ 2,20,000ವನ್ನು ರೈಟರ್ "ತೋಟದ ಕೆಲಸ" ಅಂತ ಕಾರ್ಯಾಚರಣೆಯಲ್ಲಿ ಕಳೆದಿದ್ದರು. ತೋಟದ ಕೆಲಸ ಅನ್ನುವುದು ಸರಿಯೇ. ಚೆಕ್‌ರೋಲಿನಲ್ಲಿ, ಅಂದರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಕಳೆ ತೆಗೆದ ಆಳಿಗೂ ಗುಂಡಿ ತೆಗೆದ ಆಳಿಗೂ ಒಂದೇ ಕೂಲಿ ಇರುತ್ತದೆ, ಪುಟವೂ ಒಂದೇ. ಆದರೆ ಈಗ ನೆಟ್ಟ ರೊಬಸ್ಟಾ ಮೊದಲ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಆಮೇಲೆ ದಶಕಗಟ್ಟಲೆ ಕೊಡುತ್ತದೆ. 2016ರಲ್ಲಿ ತಿದ್ದಿದ ಎಎಸ್ 10 ಇಂಥ ಫಸಲು ಕೊಡುವ ಗಿಡಗಳನ್ನು ಕಟ್ಟಡ, ಯಂತ್ರಗಳ ಸಾಲಿಗೆ ಸೇರಿಸಿ ಸ್ಥಿರಾಸ್ತಿ ಅನ್ನುತ್ತದೆ. ಅವನ್ನು ಬೆಳೆಸುವ ಹಂತದ ಖರ್ಚು ಹೂಡಿಕೆಗೆ ಹೋಗುತ್ತದೆ.

ಹಾಗಂತ ನೆಟ್ಟದ್ದೆಲ್ಲ ಹೂಡಿಕೆ ಅಲ್ಲ. ಹಳೆ ತೋಟದಲ್ಲಿ ಸತ್ತ ಗಿಡದ ಜಾಗಕ್ಕೆ ಅಲ್ಲೊಂದು ಇಲ್ಲೊಂದು ಸಸಿ ಇಟ್ಟರೆ ಅದನ್ನು ಸಾಮಾನ್ಯವಾಗಿ ಆ ವರ್ಷದ ನಿರ್ವಹಣೆ ಖರ್ಚಿಗೇ ಹಾಕುತ್ತಾರೆ. ಗೊಬ್ಬರ, ಕಳೆ, ಚಿಗುರು ತೆಗೆಯುವುದು, ನೆರಳಿನ ಮರದ ಕೊಂಬೆ ಕಡಿಸುವುದು ಇವೆಲ್ಲ ಕಾರ್ಯಾಚರಣೆಯೇ. ಅನುಮಾನ ಬಂದರೆ ಬ್ಯಾಲೆನ್ಸ್ ಶೀಟ್ ನೋಡಿ. ಆ ಖರ್ಚಿನಿಂದ ಅಲ್ಲಿ ಆಸ್ತಿ ಹೆಚ್ಚಾಗಿದ್ದರೆ ಹೂಡಿಕೆ. ಲಾಭ ನಷ್ಟದ ಲೆಕ್ಕದಲ್ಲಿ ಖರ್ಚಾಗಿ ಹೋಗಿದ್ದರೆ ಕಾರ್ಯಾಚರಣೆ. ಈ ತೋಟದ ಬ್ಯಾಲೆನ್ಸ್ ಶೀಟಿನಲ್ಲಿ ನೆಡುತೋಪು ಅಂತಲೇ 2,20,000 ಏರಿತ್ತು. ಬ್ಯಾಲೆನ್ಸ್ ಶೀಟ್ ಬರೆಯುವಾಗ ರೈಟರ್‌ಗೆ ಅದು ಆಸ್ತಿ ಅಂತ ಗೊತ್ತಿತ್ತು, ತಖ್ತೆ ಬರೆಯುವಾಗ ಮರೆತಿತ್ತು.

ಲಾಭದೊಳಗೆ ಅಡಗಿ ಕೂತ ಮೂರು

ಇಲ್ಲಿಯವರೆಗಿನ ತಪ್ಪುಗಳಿಗೆ ಒಂದೊಂದು ಸಾಲು ಇತ್ತು, ಅದಕ್ಕೆ ಗುರುತು ಹಾಕಿದೆವು. ಇನ್ನು ಮೂರಕ್ಕೆ ಸಾಲೇ ಇಲ್ಲ. ಅವು "ನಿವ್ವಳ ಲಾಭ 6,40,000" ಅನ್ನುವ ಒಂದೇ ಅಂಕಿಯೊಳಗೆ ಕರಗಿಹೋಗಿವೆ. ತಖ್ತೆಯನ್ನು ಎಷ್ಟು ಸಲ ತಿರುವಿದರೂ ಸಿಗುವುದಿಲ್ಲ. ಲಾಭ ನಷ್ಟದ ಲೆಕ್ಕವನ್ನು ಪಕ್ಕದಲ್ಲಿಟ್ಟು, ಅದರ ಒಂದೊಂದು ಸಾಲಿಗೂ ಅದೇ ಕಾ, ಹೂ, ಹ ಗುರುತು ಹಾಕಬೇಕು. ಕಾ ಅಲ್ಲದ್ದು ಯಾವುದು ಸಿಕ್ಕಿದರೂ ಅದು ಲಾಭದ ಮೂಲಕ ಕಾರ್ಯಾಚರಣೆಯೊಳಗೆ ನುಸುಳಿದೆ.

ಮೊದಲು ಸಿಕ್ಕಿದ್ದು ಸಾಲದ ಬಡ್ಡಿ, 2,10,000. ಲಾಭ ಲೆಕ್ಕ ಹಾಕುವಾಗ ಇದನ್ನು ಕಳೆದಾಗಿದೆ. ಎಎಸ್ 3ರ ಪ್ರಕಾರ ತೋಟ, ಅಂಗಡಿ, ಕಾರ್ಖಾನೆ ಇಂಥವು ಕಟ್ಟಿದ ಬಡ್ಡಿ ಹಣಕಾಸಿನ ಗುಂಪಿಗೆ ಸೇರಬೇಕು. ಆದ್ದರಿಂದ ಕಾರ್ಯಾಚರಣೆಯಲ್ಲಿ 2,10,000 ವಾಪಸ್ ಕೂಡಿಸಿ, ಹಣಕಾಸಿನಲ್ಲಿ 2,10,000 ಕಳೆಯಬೇಕು. ಬಡ್ಡಿ ನಿಜವಾಗಿ ಕಟ್ಟಿದ್ದಾರಾ ಅಂತ ಪಾಸ್‌ಬುಕ್ಕಿನಲ್ಲಿ ನೋಡಿ. ಬರೀ ಬಾಕಿ ಅಂತ ಬರೆದಿಟ್ಟ ಬಡ್ಡಿಗೆ ನಗದು ಹೋಗಿರುವುದಿಲ್ಲ.

ರೈಟರ್ ಒಪ್ಪಲಿಲ್ಲ. ಅವರು ಈ ನಮೂನೆಯನ್ನು ತಮ್ಮೂರಿನ ಸಹಕಾರ ಸಂಘವೊಂದರ ವಾರ್ಷಿಕ ವರದಿಯಿಂದ ಇಳಿಸಿಕೊಂಡಿದ್ದರು. ಅದರಲ್ಲಿ ಬಡ್ಡಿ ಕಾರ್ಯಾಚರಣೆಯಲ್ಲೇ ಇತ್ತು. ಅದೂ ತಪ್ಪಲ್ಲ! ಆ ಸಂಘದ ದಂಧೆಯೇ ಠೇವಣಿ ತೆಗೆದುಕೊಂಡು ಸಾಲ ಕೊಡುವುದು. ಅವರಿಗೆ ಬಡ್ಡಿ ನಮಗೆ ಕಾಫಿ ಇದ್ದ ಹಾಗೆ. ಸಾಲ ಕೊಡುವ ಸಂಸ್ಥೆಯ ನಮೂನೆಯನ್ನು ತೋಟಕ್ಕೆ ತಂದರೆ ಬಡ್ಡಿಯ ಸಾಲುಗಳೆಲ್ಲ ತಪ್ಪು ಮನೆಗೆ ಹೋಗುತ್ತವೆ. ನಮೂನೆ ಎಲ್ಲಿಂದ ಬಂತು ಅಂತ ಕೇಳಿಬಿಡುವುದು ಒಳ್ಳೆಯದು, ಅರ್ಧ ತಪ್ಪಿನ ಬೇರು ಅಲ್ಲೇ ಸಿಗುತ್ತದೆ.

ಎರಡನೆಯದು ಹಳೆ ಎಫ್‌ಡಿಯಿಂದ ಬಂದ ಬಡ್ಡಿ, 36,000. ಇದು ಲಾಭಕ್ಕೆ ಕೂಡಿದೆ. ಕಾರ್ಯಾಚರಣೆಯಲ್ಲಿ ಕಳೆದು ಹೂಡಿಕೆಯಲ್ಲಿ ಕೂಡಿಸಿ. ಕಟ್ಟಿದ ಬಡ್ಡಿ ಹಣಕಾಸು, ಬಂದ ಬಡ್ಡಿ ಹೂಡಿಕೆ. ಇದನ್ನು ಬಾಯಿಪಾಠ ಮಾಡುವ ಬದಲು, ಸಾಲದ ಬಡ್ಡಿ ಸಾಲದ ಹಿಂದೆ ಹೋಗುತ್ತದೆ, ಎಫ್‌ಡಿ ಬಡ್ಡಿ ಎಫ್‌ಡಿ ಹಿಂದೆ ಹೋಗುತ್ತದೆ ಅಂದುಕೊಂಡರೆ ಮರೆಯುವುದಿಲ್ಲ.

ಮೂರನೆಯದು ಜೀಪು. ಪುಸ್ತಕದಲ್ಲಿ ಅದರ ಬೆಲೆ 80,000 ಉಳಿದಿತ್ತು. ಮಾರಿದ್ದು 1,25,000ಕ್ಕೆ. 45,000 ಲಾಭ. ರೈಟರ್ ಹೂಡಿಕೆಯಲ್ಲಿ 80,000 ಮಾತ್ರ ತೋರಿಸಿದ್ದರು. ಮಿಕ್ಕ 45,000 ನಿವ್ವಳ ಲಾಭದೊಳಗೆ ಇದೆ, ಆದ್ದರಿಂದ ಮೊತ್ತ ತಾಳೆ ಆಗುತ್ತದೆ. ಈ ತಪ್ಪು ಬಹಳ ಚೆಂದವಾಗಿ ಅಡಗುತ್ತದೆ, ಯಾಕೆಂದರೆ ಜೀಪಿನ ಸಾಲು ಸರಿಯಾದ ಗುಂಪಿನಲ್ಲೇ ಇದೆ, ಅಂಕಿ ಮಾತ್ರ ಅರ್ಧಂಬರ್ಧ. ಕೈಗೆ ಬಂದ ಪೂರ್ತಿ 1,25,000 ಹೂಡಿಕೆಯಲ್ಲಿ ಇರಬೇಕು, 45,000ವನ್ನು ಕಾರ್ಯಾಚರಣೆಯಲ್ಲಿ ಕಳೆಯಬೇಕು. ಆಸ್ತಿ ಮಾರಿದ ಸಾಲು ಕಂಡಾಗಲೆಲ್ಲ ಮಾರಾಟದ ರಸೀದಿಯ ಮೊತ್ತವನ್ನು ಪಕ್ಕದಲ್ಲಿಟ್ಟು ನೋಡಿ.

ಸರಿಸುವಾಗ ಕೈ ತಪ್ಪದಂತೆ

ಕಾಣುವ ಸಾಲನ್ನು ಸರಿಸುವಾಗ ಚಿಹ್ನೆ ಬದಲಾಗುವುದಿಲ್ಲ. ಪಲ್ಪರ್ ಹಣಕಾಸಿನಲ್ಲಿ ಕಂಸದೊಳಗೆ ಇತ್ತು, ಹೂಡಿಕೆಯಲ್ಲೂ ಕಂಸದೊಳಗೇ ಇರುತ್ತದೆ. ಅಡಗಿದ್ದನ್ನು ಸರಿಸುವಾಗ ಮಾತ್ರ ಎರಡು ಕಡೆ ಬರೆಯಬೇಕು. ಕಾರ್ಯಾಚರಣೆಯಲ್ಲಿ ಉಲ್ಟಾ ಚಿಹ್ನೆಯಲ್ಲಿ ಒಂದು, ಹೊಸ ಗುಂಪಿನಲ್ಲಿ ನಿಜವಾದ ಚಿಹ್ನೆಯಲ್ಲಿ ಇನ್ನೊಂದು.

ಪ್ರತಿ ಸಲ ಒಂದೇ ವಿಷಯ ಸರಿಸಿ, ಮೂರೂ ಗುಂಪು ಕೂಡಿ, 30,000 ಇಳಿಕೆ ಹಾಗೇ ಇದೆಯಾ ನೋಡಿ. ಬದಲಾಗಿದ್ದರೆ ವ್ಯತ್ಯಾಸವೇ ಕಾರಣ ಹೇಳುತ್ತದೆ. ಬಡ್ಡಿ ಸರಿಸಿದ ಮೇಲೆ 2,10,000 ವ್ಯತ್ಯಾಸ ಬಂದರೆ ಒಂದು ಕಡೆ ಬರೆದು ಇನ್ನೊಂದು ಕಡೆ ಮರೆತಿದ್ದೀರಿ. 4,20,000 ಬಂದರೆ ಎರಡೂ ಕಡೆ ಬರೆದಿದ್ದೀರಿ, ಒಂದರ ಚಿಹ್ನೆ ತಿರುಗಿದೆ. ಏಳನ್ನೂ ಒಟ್ಟಿಗೆ ಸರಿಸಿ ಕೊನೆಗೆ ಕೂಡಿದರೆ ಈ ಸುಳಿವು ಸಿಗುವುದಿಲ್ಲ.

ಕಾರ್ಯಾಚರಣೆಯಿಂದ ಶುರು ಮಾಡೋಣ. ರೈಟರ್ ಬರೆದ 3,30,000ಕ್ಕೆ ನೆಡುತೋಪಿನ 2,20,000, ಅಸಲಿನ 2,50,000 ಮತ್ತು ಕಟ್ಟಿದ ಬಡ್ಡಿಯ 2,10,000 ವಾಪಸ್ ಕೂಡಿಸಿದೆ. ಎಫ್‌ಡಿ ಬಡ್ಡಿಯ 36,000 ಮತ್ತು ಜೀಪಿನ ಲಾಭ 45,000 ಕಳೆದೆ. 9,29,000 ಬಂತು.

ಹೂಡಿಕೆಯಲ್ಲಿ ಜೀಪಿನ 1,25,000 ಮತ್ತು ಎಫ್‌ಡಿ ಬಡ್ಡಿಯ 36,000 ಒಳಬಂದದ್ದು. ಪಲ್ಪರ್ 3,60,000, ನೆಡುತೋಪು 2,20,000, ಎಫ್‌ಡಿ 3,00,000 ಹೊರಹೋದದ್ದು. ನಿವ್ವಳ 7,19,000 ಹೊರಗೆ.

ಹಣಕಾಸಿನಲ್ಲಿ ಹೊಸ ಲೋನ್ 4,00,000 ಒಳಗೆ. ಅಸಲು 2,50,000, ಬಡ್ಡಿ 2,10,000, ಡ್ರಾಯಿಂಗ್ಸ್ 1,80,000 ಹೊರಗೆ. ನಿವ್ವಳ 2,40,000 ಹೊರಗೆ.

| ಗುಂಪು | ರೈಟರ್ ಬರೆದದ್ದು | ಸರಿಪಡಿಸಿದ್ದು |
|---|---|---|
| ಕಾರ್ಯಾಚರಣೆ | 3,30,000 | 9,29,000 |
| ಹೂಡಿಕೆ | 80,000 | (7,19,000) |
| ಹಣಕಾಸು | (4,40,000) | (2,40,000) |
| ನಿವ್ವಳ | (30,000) | (30,000) |

ಕೊನೆಯ ಸಾಲು ಅಲುಗಾಡಿಲ್ಲ. ಮೇಲಿನ ಮೂರೂ ಬದಲಾಗಿವೆ.

ಹಾಳೆಯ ಹಿಂಬದಿಯಲ್ಲಿ ಮೂರು ಲೆಕ್ಕ

ಸರಿಸಿದ್ದು ಸರಿಯಾ ಅಂತ ನೋಡಲು ಕೊನೆಯ ನಗದು ಸಾಲದು. ಅದು ಮೊದಲೂ ತಾಳೆ ಆಗಿತ್ತು, ಈಗಲೂ ಆಗಿದೆ. ಒಂದೊಂದು ಗುಂಪನ್ನೂ ಬ್ಯಾಲೆನ್ಸ್ ಶೀಟಿನ ಅದರದೇ ಖಾತೆಗಳ ಜೊತೆ ಹೊಂದಿಸಬೇಕು.

ಹಣಕಾಸಿಗೆ ಸಾಲದ ಖಾತೆ. ವರ್ಷದ ಆರಂಭದಲ್ಲಿ 18,00,000 ಇತ್ತು. ಹೊಸದು 4,00,000 ಕೂಡಿತು, ಅಸಲು 2,50,000 ತೀರಿತು. 19,50,000 ಉಳಿಯಬೇಕು. ಬ್ಯಾಲೆನ್ಸ್ ಶೀಟಿನಲ್ಲಿ ಅಷ್ಟೇ ಇತ್ತು. ಬ್ಯಾಂಕಿನ ಸ್ಟೇಟ್‌ಮೆಂಟ್ ಇದನ್ನೇ ಬೇರೆ ತರಹ ತೋರಿಸುತ್ತದೆ. ಬಡ್ಡಿ 2,10,000ವನ್ನು ಸಾಲಕ್ಕೆ ಕೂಡಿಸಿ, ಕಟ್ಟಿದ 4,60,000ವನ್ನು ಒಟ್ಟಾಗಿ ಕಳೆಯುತ್ತದೆ. ಉಳಿಯುವುದು ಅದೇ 19,50,000. ಕಂತಿನ ಒಟ್ಟು ಮೊತ್ತವನ್ನು ಅಸಲು ಮತ್ತು ಬಡ್ಡಿ ಅಂತ ಒಡೆಯುವುದು ಇಲ್ಲಿಂದಲೇ.

ಹೂಡಿಕೆಗೆ ಸ್ಥಿರಾಸ್ತಿ. ಆರಂಭದಲ್ಲಿ 22,00,000. ಪಲ್ಪರ್ 3,60,000 ಮತ್ತು ನೆಡುತೋಪು 2,20,000 ಕೂಡಿಸಿ. ಮಾರಿದ ಜೀಪಿನ ಪುಸ್ತಕ ಬೆಲೆ 80,000 ಮತ್ತು ಸವಕಳಿ 1,80,000 ಕಳೆಯಿರಿ. 25,20,000. ಇಲ್ಲಿ ಜೀಪಿಗೆ 80,000, ತಖ್ತೆಯಲ್ಲಿ 1,25,000. ಎರಡೂ ಸರಿ. ಆಸ್ತಿ ಖಾತೆಯಿಂದ ಹೋಗುವುದು ಪುಸ್ತಕ ಬೆಲೆ, ಕೈಗೆ ಬರುವುದು ಮಾರಿದ ಬೆಲೆ. ರೈಟರ್ ಈ ಲೆಕ್ಕದ 80,000ವನ್ನೇ ತಖ್ತೆಗೆ ಇಳಿಸಿಕೊಂಡಿದ್ದರು ಅನ್ನುವುದು ಆಗ ಹೊಳೆಯಿತು. ಎಫ್‌ಡಿ 5,00,000 ಇದ್ದದ್ದು 8,00,000 ಆಗಿದೆ, ಅದೂ ಸರಿ.

ಕಾರ್ಯಾಚರಣೆಯಲ್ಲಿ ಉಳಿಯಬೇಕಾದದ್ದು ಲಾಭ, ಅದರ ಹೊಂದಾಣಿಕೆಗಳು, ಮತ್ತು ಬಾಕಿ, ದಾಸ್ತಾನುಗಳ ಏರಿಳಿತ ಮಾತ್ರ. ಬರಬೇಕಾದ ಬಾಕಿ 1,50,000 ಏರಿದ್ದಕ್ಕೆ ಕಾರಣ ಕೇಳಿದೆ. ಫೆಬ್ರವರಿಯಲ್ಲಿ ಕಣದಿಂದ ಎತ್ತಿದ ಚೆರಿಯನ್ನು ಮಾರ್ಚ್ ಕೊನೆಗೆ ಮಾರಿದ್ದರು, ದುಡ್ಡು ಏಪ್ರಿಲ್‌ನಲ್ಲಿ ಬಂದಿತ್ತು. ಕಾರಣ ಕೂತಿತು.

ಬ್ಯಾಂಕಿಗೆ ಕಾಣುವುದು

ಸಣ್ಣ ಕಂಪನಿಗಳಿಗೆ ಕಂಪನಿ ಕಾಯ್ದೆಯೂ ಈ ತಖ್ತೆಯನ್ನು ಕಡ್ಡಾಯ ಮಾಡಿಲ್ಲ, ಪಾಲುದಾರಿಕೆ ತೋಟದ ಮಾತು ಬಿಡಿ. ಸಾಲ ಕೊಡುವವರು ಕೇಳುವುದು ಬೇರೆ ಕಾರಣಕ್ಕೆ. ಈ ತೋಟ ವರ್ಷಕ್ಕೆ ಅಸಲು, ಬಡ್ಡಿ ಸೇರಿ 4,60,000 ಕಟ್ಟಬೇಕು. ರೈಟರ್ ಹಾಳೆಯಲ್ಲಿ ಕಾರ್ಯಾಚರಣೆಯಿಂದ ಬಂದದ್ದು 3,30,000. ಅದನ್ನು ಓದಿದವರು ದುಡಿಮೆಯಿಂದ ಕಂತು ಕಟ್ಟಲು ಆಗುತ್ತಿಲ್ಲ, ಸಾಲ ತೆಗೆದು ಸಾಲ ತೀರಿಸುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಕಂತನ್ನು ಆಗಲೇ ಕಳೆದು ಬರೆದ ಅಂಕಿ ಅದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಿಜವಾಗಿ 9,29,000 ಬಂದಿದೆ, ಕಂತಿನ ಎರಡರಷ್ಟು.

ತಪ್ಪು ಯಾವಾಗಲೂ ತೋಟಕ್ಕೆ ನಷ್ಟ ಮಾಡುವ ಕಡೆಗೇ ಇರುತ್ತದೆ ಅಂತಲ್ಲ. ಹೊಸ ಸಾಲದ 4,00,000ವನ್ನು ಕಾರ್ಯಾಚರಣೆಯಲ್ಲಿ ಹಾಕಿದ್ದರೆ ತೋಟ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಅಂಥದ್ದು ಕಂಡಾಗ ನಾನು ಜಾಸ್ತಿ ಹೊತ್ತು ಕೂರುತ್ತೇನೆ.

ತಿದ್ದಿದ್ದನ್ನು ಹೇಗೆ ಇಡಬೇಕು

ಮೂಲ ಹಾಳೆಯ ಅಂಕಿಗಳ ಮೇಲೆ ತಿದ್ದಬೇಡಿ, ಬಿಳಿ ಬಣ್ಣ ಹಚ್ಚಬೇಡಿ. ಪೆನ್ಸಿಲ್ ಗುರುತು ಹಾಗೇ ಇರಲಿ. ಬೇರೆ ಹಾಳೆಯಲ್ಲಿ ಏಳು ಬದಲಾವಣೆಗಳನ್ನು ಒಂದೊಂದಾಗಿ ಬರೆಯಿರಿ: ಯಾವುದು, ಎಷ್ಟು, ಯಾವ ಗುಂಪಿನಿಂದ ಯಾವ ಗುಂಪಿಗೆ, ಆಧಾರ ಯಾವ ಕಾಗದ. ಪಲ್ಪರ್‌ಗೆ ಇನ್‌ವಾಯ್ಸ್ ಮತ್ತು ಪಾಸ್‌ಬುಕ್ ಪುಟ, ಎಫ್‌ಡಿಗೆ ರಸೀದಿ, ನೆಡುತೋಪಿಗೆ ಚೆಕ್‌ರೋಲ್ ಮತ್ತು ನರ್ಸರಿ ಬಿಲ್. ಆಮೇಲೆ ಹೊಸದಾಗಿ ಶುದ್ಧ ಪ್ರತಿ. ಹೋದ ವರ್ಷದ ಅಂಕಿಗಳನ್ನೂ ಪಕ್ಕದಲ್ಲಿ ಕೊಡುವುದಾದರೆ ಅವನ್ನೂ ಇದೇ ತರಹ ಬೇರ್ಪಡಿಸಬೇಕು, ಇಲ್ಲದಿದ್ದರೆ ಕಾರ್ಯಾಚರಣೆ ಒಂದೇ ವರ್ಷದಲ್ಲಿ ಮೂರು ಪಟ್ಟಾದಂತೆ ಕಾಣುತ್ತದೆ.

ಅದನ್ನು ಹೇಳಿದಾಗ ರೈಟರ್ ಚೀಲಕ್ಕೆ ಕೈ ಹಾಕಿ ಇನ್ನೊಂದು ಮಡಚಿದ ಹಾಳೆ ತೆಗೆದರು. "ಹೋದ ವರ್ಷದ್ದೂ ಇದೇ ನಮೂನೆಯಲ್ಲೇ ಬರೆದಿದ್ದೆ ಸರ್." ನಾನು ಚೀಟಿ ತೆಗೆದು ತಲೆಬರಹಗಳ ಮೇಲೆ ಇಟ್ಟೆ. ಈ ಸಲ ಪೆನ್ಸಿಲ್ ಅವರ ಕೈಯಲ್ಲಿತ್ತು.